ಬಾಯಿ ಒಣಗಿಸುವ ಮಾತ್ರೆಗಳ ಲೆಕ್ಕ

71 ವರ್ಷದ ಒಬ್ಬ ಅಜ್ಜಿಯ ಔಷಧಿ ಚೀಟಿಯನ್ನು ಮುಂದಿಟ್ಟುಕೊಂಡು ಈ ವಿಷಯ ನೋಡೋಣ. ಇದು ಯಾರೋ ಒಬ್ಬರದಲ್ಲ, ವೃದ್ಧರ ಮನೋವೈದ್ಯ ಒಪಿಡಿಗಳಲ್ಲಿ ಮತ್ತೆ ಮತ್ತೆ ಕಾಣುವ ಚೀಟಿಗಳನ್ನು ಸೇರಿಸಿ ಕಟ್ಟಿದ ಮಾದರಿ. ಅಜ್ಜಿಗೆ ಮೂವತ್ತು ವರ್ಷದಿಂದ ಸ್ಕಿಜೋಫ್ರೇನಿಯಾ ಇದೆ. ಸುಮಾರು ಹತ್ತು ವರ್ಷದಿಂದ ಕಾಯಿಲೆ ಹತೋಟಿಯಲ್ಲಿದೆ. ರಾತ್ರಿ ಒಂದು ಜೋಡಿ ಮಾತ್ರೆ ಇದೆ, ಅದರಲ್ಲಿ ರಿಸ್ಪೆರಿಡೋನ್ 4 ಮಿ.ಗ್ರಾಂ, ಟ್ರೈಹೆಕ್ಸಿಫೆನಿಡಿಲ್ 2 ಮಿ.ಗ್ರಾಂ. ಬೆಳಿಗ್ಗೆ ಟ್ರೈಹೆಕ್ಸಿಫೆನಿಡಿಲ್ 2 ಮಿ.ಗ್ರಾಂ ಬೇರೆ. ಮಂಡಿನೋವು, ನಿದ್ದೆಗೆಂದು ಅಮಿಟ್ರಿಪ್ಟಿಲಿನ್ 25. ಮೂತ್ರ ತಡೆಯಲಾಗುವುದಿಲ್ಲ ಎಂದಾಗ ಬೇರೊಬ್ಬ ವೈದ್ಯರು ಬರೆದ ಆಕ್ಸಿಬ್ಯೂಟಿನಿನ್ 5, ದಿನಕ್ಕೆರಡು ಬಾರಿ. ಬಿಪಿಗೆ ಅಟೆನೊಲಾಲ್ 50. ನೆಗಡಿಯಾದಾಗ ಮೆಡಿಕಲ್ ಅಂಗಡಿಯಿಂದ ತರಿಸುವ ಮಾತ್ರೆ ಚೀಟಿಯಲ್ಲೇ ಇಲ್ಲ.

ಈಗಿನ ದೂರು ಬೇರೆಯದು. ಅಜ್ಜಿ ಕೇಳಿದ್ದನ್ನೇ ಕೇಳುತ್ತಾರೆ, ರಾತ್ರಿ ಎದ್ದು ಬಾಗಿಲ ಚಿಲಕ ಹುಡುಕುತ್ತಾರೆ, ನಾಲ್ಕೈದು ದಿನಕ್ಕೊಮ್ಮೆ ಮಲ ವಿಸರ್ಜನೆ, ಬಾಯಿ ಒಣಗಿ ಹಲ್ಲಿನ ಸೆಟ್ ನಿಲ್ಲುವುದಿಲ್ಲ. “ಅತ್ತೆಗೆ ಮರೆವಿನ ಕಾಯಿಲೆ ಶುರುವಾಯ್ತು ಅನ್ಸುತ್ತೆ ಡಾಕ್ಟ್ರೇ, ಅದಕ್ಕೂ ಒಂದು ಮಾತ್ರೆ ಕೊಟ್ಬಿಡಿ” ಎನ್ನುತ್ತಾರೆ ಸೊಸೆ. ಆ ಮಾತ್ರೆ ಬರೆಯುವ ಮೊದಲು ಈಗಿರುವ ಮಾತ್ರೆಗಳ ಲೆಕ್ಕ ಹಾಕಬೇಕು. ಲೆಕ್ಕ ಹಾಕಿದ ಮೇಲೆ ಏನು ಮಾಡಬೇಕು ಎಂಬಲ್ಲಿ ವೈದ್ಯರಲ್ಲೇ ಎರಡು ಮತ ಇವೆ, ಎರಡಕ್ಕೂ ಗಟ್ಟಿ ಕಾರಣಗಳಿವೆ.

ಉಮ್ಮತ್ತಿ ಬೀಜ ತಿಂದವರ ಸ್ಥಿತಿ ಹಳ್ಳಿಯವರಿಗೆ ಗೊತ್ತು. ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಮೂತ್ರ ಕಟ್ಟುತ್ತದೆ, ಇಲ್ಲದ್ದು ಕಂಡು ಮಾತು ದಿಕ್ಕುತಪ್ಪುತ್ತದೆ. ಆ ಬೀಜದಲ್ಲಿರುವ ಅಟ್ರೋಪಿನ್, ಸ್ಕೊಪೊಲಮಿನ್‌ಗಳು ಅಸಿಟೈಲ್‌ಕೋಲಿನ್ ಎಂಬ ನರವಾಹಕ ರಾಸಾಯನಿಕ ಕೆಲಸ ಮಾಡದಂತೆ ತಡೆಯುವುದೇ ಇದಕ್ಕೆ ಕಾರಣ. ಟ್ರೈಹೆಕ್ಸಿಫೆನಿಡಿಲ್, ಅಮಿಟ್ರಿಪ್ಟಿಲಿನ್, ಆಕ್ಸಿಬ್ಯೂಟಿನಿನ್‌ಗಳೂ ತಡೆಯುವುದು ಅದನ್ನೇ, ಸಣ್ಣ ಪ್ರಮಾಣದಲ್ಲಿ ಮತ್ತು ದಿನವೂ. ನೆನಪಿಗೆ, ಗಮನಕ್ಕೆ, ಕರುಳಿನ ಚಲನೆಗೆ, ಮೂತ್ರಕೋಶ ಹಿಂಡುವುದಕ್ಕೆ ಅಸಿಟೈಲ್‌ಕೋಲಿನ್ ಬೇಕು. ವಯಸ್ಸಾದಂತೆ ಮಿದುಳಿನಲ್ಲಿ ಅದರ ಪೂರೈಕೆ ಇಳಿಯುತ್ತದೆ, ಮೂತ್ರಪಿಂಡ ಮತ್ತು ಯಕೃತ್ತು ಔಷಧಿಯನ್ನು ಹೊರಹಾಕುವ ವೇಗವೂ ಇಳಿಯುತ್ತದೆ. ನಲವತ್ತರಲ್ಲಿ ಬರೀ ಬಾಯಿ ಒಣಗಿಸಿದ ಮಾತ್ರೆ ಎಪ್ಪತ್ತರಲ್ಲಿ ರಾತ್ರಿ ಗೊಂದಲ ತರುವುದು ಈ ಕಾರಣಕ್ಕೆ. ಬೇರೆ ಬೇರೆ ಉದ್ದೇಶಕ್ಕೆ ಕೊಟ್ಟ ಔಷಧಿಗಳ ಈ ಒಂದು ಪರಿಣಾಮವನ್ನು ಒಟ್ಟುಗೂಡಿಸಿದರೆ ಬರುವುದೇ ಆಂಟಿಕೋಲಿನರ್ಜಿಕ್ ಹೊರೆ.

ಲೆಕ್ಕಕ್ಕೆ ಹೆಚ್ಚು ಬಳಕೆಯಲ್ಲಿರುವುದು 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿ 2012ರಲ್ಲಿ ಪರಿಷ್ಕೃತವಾದ ಎಸಿಬಿ ಅಳತೆಪಟ್ಟಿ. ಪಟ್ಟಿಯಲ್ಲಿರುವ ಪ್ರತಿ ಔಷಧಿಗೆ 1ರಿಂದ 3 ಅಂಕ. ಪರಿಣಾಮ ಇರಬಹುದು ಎನ್ನುವಂಥದ್ದಕ್ಕೆ 1, ಖಚಿತವಾಗಿ ಇದ್ದರೆ 2 ಅಥವಾ 3. ಒಟ್ಟು 3 ಅಥವಾ ಹೆಚ್ಚು ಬಂದರೆ ಚೀಟಿಯನ್ನು ಮರುಪರಿಶೀಲಿಸಬೇಕು. ನಮ್ಮ ಅಜ್ಜಿಯದನ್ನು ಕೂಡೋಣ. ರಿಸ್ಪೆರಿಡೋನ್ 1, ಟ್ರೈಹೆಕ್ಸಿಫೆನಿಡಿಲ್ 3, ಅಮಿಟ್ರಿಪ್ಟಿಲಿನ್ 3, ಆಕ್ಸಿಬ್ಯೂಟಿನಿನ್ 3, ಅಟೆನೊಲಾಲ್ 1, ಒಟ್ಟು 11. ನೆಗಡಿ ಮಾತ್ರೆಗಳಲ್ಲಿ ಸಾಮಾನ್ಯವಾಗಿರುವ ಕ್ಲೋರ್‌ಫೆನಿರಮಿನ್‌ಗೆ ಮತ್ತೆ 3. ನೆಗಡಿಯಾದ ವಾರ ಅಜ್ಜಿಯ ಹೊರೆ 14.

ಕೂಡುವುದು ಸುಲಭ, ಕೂಡಬೇಕಾದದ್ದೆಲ್ಲ ಕಣ್ಣಿಗೆ ಬೀಳುವುದು ಕಷ್ಟ. ನಮ್ಮಲ್ಲಿ ರಿಸ್ಪೆರಿಡೋನ್ ಅಥವಾ ಟ್ರೈಫ್ಲುವೊಪೆರಜಿನ್ ಜೊತೆ ಟ್ರೈಹೆಕ್ಸಿಫೆನಿಡಿಲ್ ಬೆರೆಸಿದ ಜೋಡಿ ಮಾತ್ರೆಗಳು ಧಾರಾಳವಾಗಿ ಬಳಕೆಯಲ್ಲಿವೆ. ಎಷ್ಟೋ ಸ್ಟ್ರಿಪ್ಪುಗಳ ಮೇಲೆ ಕಂಪನಿ ಇಟ್ಟ ಹೆಸರು ಎದ್ದು ಕಾಣುತ್ತದೆ, ಒಳಗಿನ ಔಷಧಿಗಳ ಹೆಸರು ಅಷ್ಟು ಕಾಣುವುದಿಲ್ಲ. ಚೀಟಿಯಲ್ಲಿ ಕಂಪನಿ ಇಟ್ಟ ಹೆಸರೊಂದೇ ಇದ್ದರೆ ಓದುವವರು ಅದನ್ನು ಒಂದು ಔಷಧಿ ಎಂದೇ ಎಣಿಸುತ್ತಾರೆ. ಬೆಳಗಿನ ಒಂಟಿ ಮಾತ್ರೆ ನೋಡಿ ಅಜ್ಜಿಗೆ ಟ್ರೈಹೆಕ್ಸಿಫೆನಿಡಿಲ್ ದಿನಕ್ಕೆ 2 ಎಂದು ಬರೆದುಕೊಂಡರೆ ತಪ್ಪು, ಅವರ ಹೊಟ್ಟೆಗೆ ಹೋಗುತ್ತಿರುವುದು 4. ಹಾಗಾಗಿ ಚೀಟಿಯಿಂದ ಅಲ್ಲ, ಸ್ಟ್ರಿಪ್ಪುಗಳನ್ನು ಮೇಜಿನ ಮೇಲೆ ಹರಡಿ, ಸಣ್ಣ ಅಕ್ಷರ ಓದಿ ಲೆಕ್ಕ ಹಾಕಬೇಕು.

ಇಳಿಸಲೇಬೇಕು ಎನ್ನುವವರ ವಾದವನ್ನು ಮೊದಲು ಕೇಳೋಣ. 2019ರಲ್ಲಿ ಬ್ರಿಟನ್ನಿನ ಕುಟುಂಬ ವೈದ್ಯರ ದಾಖಲೆಗಳಿಂದ ಡಿಮೆನ್ಷಿಯಾ ಬಂದ 58 ಸಾವಿರಕ್ಕೂ ಹೆಚ್ಚು ಜನರನ್ನು, ಬಾರದವರೊಂದಿಗೆ ಹೋಲಿಸಿ ನೋಡಿದ ಅಧ್ಯಯನ ಪ್ರಕಟವಾಯಿತು. ತೀವ್ರ ಆಂಟಿಕೋಲಿನರ್ಜಿಕ್ ಔಷಧಿಗಳನ್ನು ಬಹುಕಾಲ ತೆಗೆದುಕೊಂಡವರಲ್ಲಿ ಡಿಮೆನ್ಷಿಯಾದ ಸಂಭವ ಸುಮಾರು ಒಂದೂವರೆ ಪಟ್ಟು ಕಂಡಿತು. ಖಿನ್ನತೆ, ಮನೋವಿಕಾರ, ಪಾರ್ಕಿನ್ಸನ್ ಮತ್ತು ಮೂತ್ರಕೋಶದ ಔಷಧಿಗಳಲ್ಲಿ ಈ ಸಂಬಂಧ ಕಂಡಿತು, ಅಲರ್ಜಿ ಮಾತ್ರೆಗಳಲ್ಲಿ ಕಾಣಲಿಲ್ಲ. 2021ರಲ್ಲಿ ಅಮೆರಿಕದಲ್ಲಿ ಸ್ಕಿಜೋಫ್ರೇನಿಯಾ ಇರುವ 1,120 ಜನರ ಹೊರೆ ಎಣಿಸಿದಾಗ ಶೇಕಡಾ 63 ಮಂದಿಗೆ 3 ಅಥವಾ ಹೆಚ್ಚು ಅಂಕ ಬಂದಿತ್ತು, ನಾಲ್ವರಲ್ಲಿ ಒಬ್ಬರಿಗೆ 6 ಅಥವಾ ಹೆಚ್ಚು. ಅಂಕ ಏರಿದಷ್ಟೂ ನೆನಪು, ಗಮನ, ಯೋಚನೆಯ ಪರೀಕ್ಷೆಗಳಲ್ಲಿ ಹಿಂದುಳಿದಿದ್ದರು. ಆ ಕಾಯಿಲೆಯೇ ಯೋಚನಾಶಕ್ತಿಯನ್ನು ಕುಂದಿಸುತ್ತದೆ. ಕುಂದಿದ್ದಕ್ಕೆಲ್ಲ ಕಾಯಿಲೆಯನ್ನೇ ದೂರಿ ಮಾತ್ರೆಯ ಪಾಲನ್ನು ಮರೆಯುವುದು ಅನ್ಯಾಯ ಎಂಬುದು ಇವರ ಮಾತು.

ಟ್ರೈಹೆಕ್ಸಿಫೆನಿಡಿಲ್ ಬಗ್ಗೆ ಇವರ ವಾದಕ್ಕೆ ಇನ್ನೂ ಬಲವಿದೆ. ಪ್ಯಾಸಿಟೇನ್ ಎಂಬ ಹೆಸರಲ್ಲಿ ರೋಗಿಗಳಿಗೆ ಪರಿಚಿತವಾದ ಈ ಔಷಧಿಯನ್ನು ಕೊಡುವುದು ಮನೋವಿಕಾರದ ಔಷಧಿಯಿಂದ ಬರುವ ಕೈನಡುಕ, ಮೈಬಿಗಿತ ತಡೆಯಲು. ನಡುಕ ಇನ್ನೂ ಬಂದಿಲ್ಲದಿದ್ದರೂ ಮುಂಜಾಗ್ರತೆಗೆಂದು ಎಲ್ಲರಿಗೂ ಕೊಡುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗಿ ಕೇಂದ್ರಗಳ ಮುಖ್ಯಸ್ಥರು 1990ರಲ್ಲೇ ಹೇಳಿದ್ದಾರೆ. ಆದರೂ ಮೊದಲ ದಿನ ಬರೆದ ಮಾತ್ರೆ ಇಪ್ಪತ್ತು ವರ್ಷ ಮುಂದುವರಿಯುತ್ತದೆ, ಯಾಕೆ ಬರೆದರೆಂದು ಯಾರೂ ಕೇಳುವುದಿಲ್ಲ. ಜೊತೆಗೆ, ನೋಡಲು ನಡುಕದಂತೆಯೇ ಇರುವ ಎರಡು ತೊಂದರೆಗಳಿಗೆ ಇದರಿಂದ ಹೇಳಿಕೊಳ್ಳುವ ಉಪಯೋಗವಿಲ್ಲ. ಕುಳಿತಲ್ಲಿ ಕೂರಲಾಗದ ಅಕಾಥಿಸಿಯಾಗೆ ಇದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ನಾಲಿಗೆ, ದವಡೆ ತಾನಾಗಿ ಆಡುತ್ತಲೇ ಇರುವ ಟಾರ್ಡಿವ್ ಡಿಸ್ಕಿನೀಸಿಯಾವನ್ನು ಇದು ಹೆಚ್ಚಿಸಲೂಬಹುದು. ಕತ್ತು ತಿರುಚಿಕೊಳ್ಳುವ ಡಿಸ್ಟೋನಿಯಾ ಮಾತ್ರ ಬೇರೆ, ಅದಕ್ಕೆ ಈ ಮಾತ್ರೆ ನಿಜಕ್ಕೂ ಬೇಕಾಗಬಹುದು. ಆದ್ದರಿಂದ “ಕೈಕಾಲು ಆಡುತ್ತವೆ” ಎಂಬ ಮಾತು ಸಾಲದು, ಯಾವುದು ಹೇಗೆ ಆಡುತ್ತದೆ ಎಂದು ನೋಡಬೇಕು.

ಎದುರು ಪಕ್ಷದವರು ಬಹುತೇಕ ಹಳಬರು, ಬಿಟ್ಟ ಮಾತ್ರೆಯಿಂದ ಕೆಟ್ಟ ರೋಗಿಗಳನ್ನು ಕಂಡವರು. ಅವರ ಮೊದಲ ಮಾತು ಅಧ್ಯಯನಗಳ ಬಗ್ಗೆ. ಹೆಚ್ಚು ಕಾಯಿಲೆ ಇದ್ದವರಿಗೇ ಹೆಚ್ಚು ಮಾತ್ರೆ. ಡಿಮೆನ್ಷಿಯಾ ಹೊರಗೆ ಕಾಣಿಸುವ ವರ್ಷಗಳ ಮೊದಲೇ ನಿದ್ದೆಗೇಡು, ಖಿನ್ನತೆ, ಮೂತ್ರದ ಅವಸರ ಶುರುವಾಗಿ, ಅದಕ್ಕೇ ಈ ಮಾತ್ರೆ ಬರೆದಿರಬಹುದು. ಆಗ ಯಾವುದು ಕಾರಣ, ಯಾವುದು ಫಲ? ಜೊತೆಗೆ, ಮಾತ್ರೆ ಇಳಿಸಿದರೆ ನೆನಪು ಮರಳುತ್ತದೆ ಎಂದು ದೊಡ್ಡ ಪ್ರಯೋಗಗಳು ಇನ್ನೂ ಖಚಿತವಾಗಿ ತೋರಿಸಿಲ್ಲ. ಸ್ಕಿಜೋಫ್ರೇನಿಯಾದಲ್ಲಿ ಒಳ್ಳೆಯ ಫಲ ಕಂಡ ಅಧ್ಯಯನಗಳು ಹೆಚ್ಚಾಗಿ ಚಿಕ್ಕವು. ಈ ಆಕ್ಷೇಪ ನ್ಯಾಯವಾದದ್ದು, ಸೊಸೆಗೆ “ಮಾತ್ರೆ ಬಿಟ್ಟರೆ ಅತ್ತೆಯ ಮರೆವು ಹೋಗುತ್ತದೆ” ಎಂದು ಯಾರೂ ಭರವಸೆ ಕೊಡಬಾರದು.

ಎರಡನೆಯ ಮಾತು ಅಂಕದ ಬಗ್ಗೆ, ಇದು ಇನ್ನೂ ತೀಕ್ಷ್ಣ. ಎಸಿಬಿ ಪಟ್ಟಿಗೆ ಪ್ರಮಾಣ ಗೊತ್ತಿಲ್ಲ. ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂಗೂ 3, 75ಕ್ಕೂ 3. ನಿದ್ದೆಗೆ ಕೊಡುವ 25 ಮಿ.ಗ್ರಾಂ ಕ್ವೆಟಿಯಪಿನ್‌ಗೂ ದಿನಕ್ಕೆ 400 ಮಿ.ಗ್ರಾಂ ಕ್ಲೋಜಪಿನ್‌ಗೂ ಒಂದೇ ಅಂಕ. ಅಟೆನೊಲಾಲ್‌ಗೆ 1 ಕೊಟ್ಟಿದೆ, ಆದರೆ ಅದು ಮಿದುಳಿಗೆ ಹೋಗುವುದೇ ಅಲ್ಪ. ಮಿದುಳಿಗೆ ಎಷ್ಟು ತಲುಪುತ್ತದೆ ಎಂಬುದನ್ನೂ ಗಣಿಸುವ ಪಟ್ಟಿಗಳು ಬಂದಿವೆ, ಪ್ರಮಾಣವನ್ನು ಸೂತ್ರಕ್ಕೆ ಸೇರಿಸುವ ‘ಡ್ರಗ್ ಬರ್ಡನ್ ಇಂಡೆಕ್ಸ್’ ಎಂಬುದೂ ಇದೆ. ಒಂದು ಪಟ್ಟಿಯ ಅಂಕ ಇನ್ನೊಂದರದಕ್ಕೆ ತಾಳೆಯಾಗುವುದಿಲ್ಲ. ಅಂಕ ಇಳಿಸುವುದನ್ನೇ ಗುರಿ ಮಾಡಿಕೊಂಡ ವೈದ್ಯರು ಕ್ವೆಟಿಯಪಿನ್ ತೆಗೆದು ಹಾಲೊಪೆರಿಡಾಲ್ ಬರೆದರೆ ಕಾಗದದ ಮೇಲೆ 3 ಹೋಗಿ 1 ಆಗುತ್ತದೆ, ರೋಗಿ ಮರದ ಕೊರಡಿನಂತೆ ಬಿಗಿಯುತ್ತಾರೆ. ಬಿಗಿದ ಮುದುಕರು ಬೀಳುತ್ತಾರೆ, ಅನ್ನ ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಸಿಕೊಳ್ಳುತ್ತಾರೆ.

ಮೂರನೆಯದು ಮನೆಯವರು ಅನುಭವಿಸಿದ ಭಯ. ಹತ್ತು ವರ್ಷ ನೆಮ್ಮದಿಯಾಗಿದ್ದವರ ಕಾಯಿಲೆ ಮರುಕಳಿಸಿದರೆ ಎಪ್ಪತ್ತರ ದೇಹ ಅದನ್ನು ತಡೆದುಕೊಳ್ಳುತ್ತದೆಯೇ? ಬಿಗಿತದ ಹಿಂಸೆ ತಾಳದೆ ರೋಗಿ ಎಲ್ಲ ಮಾತ್ರೆಯನ್ನೂ ಬಿಟ್ಟುಬಿಟ್ಟರೆ? ಈ ಪ್ರಶ್ನೆಗಳನ್ನು ಹಗುರವಾಗಿ ತಳ್ಳಿಹಾಕುವವರು ಚೀಟಿಯನ್ನು ಮುಟ್ಟದಿರುವುದೇ ಮೇಲು.

ಎರಡೂ ಕಡೆ ಕೇಳಿದ ಮೇಲೆ ನನ್ನ ನಿಲುವು ಇಷ್ಟು. ಅಂಕವನ್ನು ಹುಡುಕುವುದಕ್ಕೆ ಬಳಸಬೇಕು, ಗುರಿಯಾಗಿ ಅಲ್ಲ. 11 ಎಂಬ ಅಂಕ ಈ ಅಜ್ಜಿಯ ಗೊಂದಲದಲ್ಲಿ ಮಾತ್ರೆಗಳ ಪಾಲು ಇರಬಹುದೆಂದು ಹೇಳುತ್ತದೆ, ಯಾವುದನ್ನು ತೆಗೆಯಬೇಕೆಂದು ಹೇಳುವುದಿಲ್ಲ. ಅದಕ್ಕೆ ಪ್ರತಿ ಮಾತ್ರೆಯ ಬಗ್ಗೆ ಬೇರೆ ಪ್ರಶ್ನೆ ಕೇಳಬೇಕು: ಇದು ಹೋದರೆ ಏನು ಕಳೆಯುತ್ತದೆ? ಕಡಿಮೆ ಕಳೆಯುವುದರಿಂದ ಶುರು ಮಾಡಿ, ಮನೋವಿಕಾರದ ಮುಖ್ಯ ಔಷಧಿಯನ್ನು, ಅದಕ್ಕೆ ಜೋಡಿಯಾದ ಟ್ರೈಹೆಕ್ಸಿಫೆನಿಡಿಲ್ ಸಮೇತ, ಕೊನೆಗೆ ಇಟ್ಟುಕೊಳ್ಳಬೇಕು. ಒಮ್ಮೆಗೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಒಳ್ಳೆಯದಾದರೂ ಕೆಟ್ಟದ್ದಾದರೂ ಯಾವುದರಿಂದ ಎಂದು ತಿಳಿಯುವುದಿಲ್ಲ.

ಅಜ್ಜಿಯ ಚೀಟಿಯಲ್ಲಿ ಅದು ಹೇಗೆ ನಡೆಯುತ್ತದೆ ನೋಡೋಣ. ಏನನ್ನೂ ಮುಟ್ಟುವ ಮೊದಲು ಇಂದಿನ ಸ್ಥಿತಿಯನ್ನು ಬರೆದಿಟ್ಟುಕೊಳ್ಳಬೇಕು. ಕನ್ನಡಕ್ಕೆ ಅಳವಡಿಸಿದ ಒಂದು ನೆನಪಿನ ಪರೀಕ್ಷೆ, ಮೊಣಕೈ ಮಡಿಸಿ ನೋಡಿದ ಬಿಗಿತ, ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ಬಂದು ಕೂರಲು ಹಿಡಿದ ಸಮಯ, ವಾರದಲ್ಲಿ ಎಷ್ಟು ಸಲ ಮಲ ವಿಸರ್ಜನೆ. ಮೂತ್ರ ಮಾಡಿದ ಮೇಲೆ ಸ್ಕ್ಯಾನ್ ಮಾಡಿ ಮೂತ್ರಕೋಶದಲ್ಲಿ ಎಷ್ಟು ಉಳಿದಿದೆ ಎಂದೂ ನೋಡಬೇಕು. ಗೊಂದಲ ಒಂದೆರಡು ದಿನದಲ್ಲಿ ಧಿಡೀರನೆ ಬಂದು ಹಗಲು ರಾತ್ರಿಗೆ ಏರಿಳಿಯುತ್ತಿದ್ದರೆ ಅದು ಡೆಲಿರಿಯಮ್, ಈ ನಿಧಾನದ ದಾರಿ ಅದಕ್ಕಲ್ಲ. ಸೋಂಕು, ಸೋಡಿಯಂ ಇಳಿತ, ಕಟ್ಟಿದ ಮೂತ್ರ ಇವನ್ನು ಅಂದೇ ಆಸ್ಪತ್ರೆಯಲ್ಲಿ ನೋಡಬೇಕು.

ಮೊದಲು ನೆಗಡಿ ಮಾತ್ರೆ. ಆಗೀಗ ತೆಗೆದುಕೊಳ್ಳುವುದಾದ್ದರಿಂದ ನಿಧಾನವಾಗಿ ಇಳಿಸುವ ಅಗತ್ಯವಿಲ್ಲ, ನಿಲ್ಲಿಸಿದರಾಯಿತು.

ಎರಡನೆಯದು ಆಕ್ಸಿಬ್ಯೂಟಿನಿನ್. ಸ್ಕ್ಯಾನಿನಲ್ಲಿ 180 ಮಿ.ಲೀ. ಉಳಿದಿದೆ ಎನ್ನೋಣ. ಅಂದರೆ ಮೂತ್ರಕೋಶ ಸರಿಯಾಗಿ ಖಾಲಿಯಾಗುತ್ತಿಲ್ಲ, ಬೇಗ ತುಂಬುವುದರಿಂದ ಅವಸರ. ಕರುಳಿನಲ್ಲಿ ಕಟ್ಟಿದ ಮಲವೂ ಅದನ್ನು ಒತ್ತುತ್ತಿದೆ. ಅವಸರಕ್ಕೆಂದು ಕೊಟ್ಟ ಮಾತ್ರೆಯೇ ಅವಸರವನ್ನು ಉಳಿಸಿಕೊಂಡಿರುವ ಸಾಧ್ಯತೆ ಇದೆ. ಒಂದು ವಾರ ದಿನಕ್ಕೊಂದು ಮಾಡಿ ನಿಲ್ಲಿಸಬಹುದು. ಮಲಬದ್ಧತೆಗೆ ಚಿಕಿತ್ಸೆ, ಎರಡು ಮೂರು ಗಂಟೆಗೊಮ್ಮೆ ಅವಸರವಾಗುವ ಮೊದಲೇ ಬಚ್ಚಲಿಗೆ ಕರೆದೊಯ್ಯುವುದು, ಸಂಜೆಯ ಮೇಲೆ ಕಾಫಿ ಬಿಡಿಸುವುದು ಜೊತೆಗೆ ನಡೆಯಬೇಕು. ಆದರೂ ಬಟ್ಟೆ ಒದ್ದೆಯಾದರೆ ಎಸಿಬಿ ಅಂಕವಿಲ್ಲದ ಮಿರಾಬೆಗ್ರಾನ್ ಇದೆ. ಆದರೆ ಅದು ಬಿಪಿ ಏರಿಸಬಹುದು. ರಿಸ್ಪೆರಿಡೋನನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನೂ ತಡೆಯುತ್ತದೆ. ಆಗ ರಿಸ್ಪೆರಿಡೋನ್ ರಕ್ತದಲ್ಲಿ ಏರಿ, ಯಾರೂ ಪ್ರಮಾಣ ಹೆಚ್ಚಿಸದೆಯೇ ಮೈ ಬಿಗಿಯಾಗಬಹುದು. ಅಂಕ ತೋರದ ಇಂಥ ಕೊಂಡಿಗಳೇ ಈ ಕೆಲಸದಲ್ಲಿ ಹೆಚ್ಚು ಎಡವಿಸುವುದು.

ಮೂರನೆಯದು ಅಮಿಟ್ರಿಪ್ಟಿಲಿನ್. 25ರಿಂದ 10ಕ್ಕೆ ಇಳಿಸಿ ಮೂರು ನಾಲ್ಕು ವಾರ ಬಿಟ್ಟು ನಿಲ್ಲಿಸುವುದು. ಇಲ್ಲಿ ಮನೆಯವರು ಹೆದರುವ ಘಟ್ಟ ಬರುತ್ತದೆ. ಬಹುಕಾಲ ತಡೆಹಿಡಿದಿದ್ದ ಅಸಿಟೈಲ್‌ಕೋಲಿನ್ ಒಮ್ಮೆಲೇ ಕೆಲಸಕ್ಕಿಳಿಯುವುದರಿಂದ ಕೆಲವು ರಾತ್ರಿ ನಿದ್ದೆ ಕೆಡುತ್ತದೆ, ವಾಕರಿಕೆ, ಬೆವರು, ಭೇದಿ, ಚಡಪಡಿಕೆ ಕಾಣಬಹುದು. ಇದನ್ನು ಕಾಯಿಲೆ ಮರುಕಳಿಸಿತೆಂದು ತಿಳಿದು ಎಲ್ಲ ಮಾತ್ರೆಯನ್ನೂ ಹಿಂದಕ್ಕೆ ತರುವುದುಂಟು. ಎರಡಕ್ಕೂ ಗುರುತು ಬೇರೆ. ಇಳಿಸಿದ ಪರಿಣಾಮ ದಿನಗಳಲ್ಲಿ ಶುರುವಾಗಿ ಹೊಟ್ಟೆ, ಬೆವರು, ನಿದ್ದೆಯಲ್ಲಿ ಕಂಡು ಒಂದೆರಡು ವಾರದಲ್ಲಿ ತಣ್ಣಗಾಗುತ್ತದೆ. ಮರುಕಳಿಸುವ ಕಾಯಿಲೆ ಸಾಮಾನ್ಯವಾಗಿ ತಡವಾಗಿ ಬಂದು ವಾರ ವಾರಕ್ಕೆ ಬೆಳೆಯುತ್ತದೆ, ರೋಗಿಯ ಹಳೆಯ ಲಕ್ಷಣಗಳನ್ನೇ ಹೊತ್ತು ಬರುತ್ತದೆ. ಈ ಅಜ್ಜಿ ಹಿಂದೆ ಕೆಟ್ಟಾಗಲೆಲ್ಲ ಮೊದಲು ಊಟದ ತಟ್ಟೆಯನ್ನು ಮೂಸಿ ನೋಡುತ್ತಿದ್ದರೆಂದು ಸೊಸೆಗೆ ಗೊತ್ತಿದ್ದರೆ, ಕಾಯಬೇಕಾದ ಲಕ್ಷಣ ಅದು.

ಕೊನೆಗೆ ಜೋಡಿ ಮಾತ್ರೆ. ಅದನ್ನು ಬಿಡಿಸಿ ಎರಡು ಬೇರೆ ಮಾತ್ರೆ ಮಾಡದ ಹೊರತು ಒಂದನ್ನು ಬಿಟ್ಟು ಇನ್ನೊಂದನ್ನು ಇಳಿಸಲಾಗುವುದಿಲ್ಲ. ನಂತರ ಯೋಚಿಸಬೇಕಾದದ್ದು ರಿಸ್ಪೆರಿಡೋನ್. ಐವತ್ತರಲ್ಲಿ ಗೊತ್ತುಮಾಡಿದ 4 ಮಿ.ಗ್ರಾಂ ಎಪ್ಪತ್ತೊಂದರಲ್ಲಿ ಹೆಚ್ಚಾಗಿರಬಹುದು, ಅದು 3 ಆದರೆ ಬಿಗಿತವೇ ಕಡಿಮೆಯಾಗಿ ಟ್ರೈಹೆಕ್ಸಿಫೆನಿಡಿಲ್ ಬೇಕಾಗುವುದೂ ಕಡಿಮೆ. ಮರುಕಳಿಸುವ ಅಪಾಯ ಇರುವುದು ಇಲ್ಲಿಯೇ. ಆದ್ದರಿಂದ ಇಳಿಸಿ ಎರಡು ತಿಂಗಳು ಏನೂ ಮಾಡದೆ ನೋಡಬೇಕು, ಹಿಂದಿನ ಪ್ರಯತ್ನದಲ್ಲಿ ಕಾಯಿಲೆ ಕೆಟ್ಟಿದ್ದರೆ ಈ ಹೆಜ್ಜೆಯನ್ನೇ ಬಿಡಬೇಕು. ಆಮೇಲೆ ಟ್ರೈಹೆಕ್ಸಿಫೆನಿಡಿಲ್ ನಾಲ್ಕು ವಾರಕ್ಕೆ 1 ಮಿ.ಗ್ರಾಂನಂತೆ, ಅಂದರೆ ಅರ್ಧ ಮಾತ್ರೆಯಂತೆ, 4ರಿಂದ 3, 2, 1. ಮೊದಲು ರಾತ್ರಿಯ ಪಾಲು ಹೋಗಲಿ, ಚಿಲಕ ಹುಡುಕಿಸುವುದು ಅದೇ ಇರಬಹುದು. ತಿಂಗಳಿಗೊಮ್ಮೆ ಮೊಣಕೈ, ನಡಿಗೆ, ನುಂಗುವಿಕೆ ನೋಡಬೇಕು.

ಇಂಥ ಚೀಟಿ 1 ಮಿ.ಗ್ರಾಂಗೆ ಬಂದಾಗ ಹೆಜ್ಜೆ ಚಿಕ್ಕದಾಗಿ, ತೋಳು ಬಿಗಿದು, ಕಾಫಿ ಲೋಟ ಬಾಯಿಗೊಯ್ಯುವಾಗ ಚೆಲ್ಲತೊಡಗುವುದುಂಟು. ಆಗ 2ಕ್ಕೆ ಹಿಂದಿರುಗಿ ಅಲ್ಲೇ ನಿಲ್ಲಬೇಕು, ಅದು ಸೋಲಲ್ಲ. ಮಲ ವಿಸರ್ಜನೆ ಎರಡು ದಿನಕ್ಕೊಮ್ಮೆ ಆದರೆ, ರಾತ್ರಿ ಅಲೆದಾಟ ನಿಂತರೆ, ಸ್ಕ್ಯಾನಿನಲ್ಲಿ ಉಳಿದ ಮೂತ್ರ 60ಕ್ಕೆ ಇಳಿದರೆ, ಮರೆವು ಸ್ವಲ್ಪವೇ ಸುಧಾರಿಸಿದರೂ ಪಟ್ಟ ಶ್ರಮಕ್ಕೆ ಬೆಲೆ ಬಂದಂತೆ. ಈಗಿನ ಅಂಕ ರಿಸ್ಪೆರಿಡೋನ್ 1, ಟ್ರೈಹೆಕ್ಸಿಫೆನಿಡಿಲ್ 3, ಅಟೆನೊಲಾಲ್ 1, ಒಟ್ಟು 5. ಪಟ್ಟಿಯ ಪ್ರಕಾರ ಇದೂ ಹೆಚ್ಚೇ. ಅಜ್ಜಿಯ ಪ್ರಕಾರ ಸಾಕು. ಉಳಿದ ಮರೆವು ಡಿಮೆನ್ಷಿಯಾವೋ ಎಂದು ಪರೀಕ್ಷಿಸಲು ಈಗ ಸಕಾಲ. ಹಾಗೆಂದು ಗೊತ್ತಾಗಿ ಡೊನೆಪೆಜಿಲ್ ಬರೆಯುವುದಾದರೂ ಈಗಲೇ ಅರ್ಥವಿದೆ. ಅದು ಅಸಿಟೈಲ್‌ಕೋಲಿನ್ ಹೆಚ್ಚಿಸುವ ಔಷಧಿ, 11 ಅಂಕದ ಹೊರೆಯ ಮೇಲೆ ಹೇರಿದ್ದರೆ ಒಂದು ಇನ್ನೊಂದನ್ನು ಕೆಡಿಸುತ್ತಿತ್ತು.

ಎಲ್ಲ ಚೀಟಿಗೂ ಇದೇ ದಾರಿ ಸಲ್ಲದು. ಬೇರೆ ಯಾವುದಕ್ಕೂ ಬಗ್ಗದ ಕಾಯಿಲೆ ಕ್ಲೋಜಪಿನ್‌ನಿಂದ ಹತೋಟಿಗೆ ಬಂದಿದ್ದರೆ, ಅಂಕ 3 ಎಂಬ ಕಾರಣಕ್ಕೆ ಅದನ್ನು ಮುಟ್ಟಬಾರದು. ಥಟ್ಟನೆ ನಿಲ್ಲಿಸಿದರೆ ಕಾಯಿಲೆ ರೌದ್ರವಾಗಿ ಮರಳಬಹುದು. ಅಲ್ಲಿ ಇಳಿಸಬೇಕಾದದ್ದು ಕ್ಲೋಜಪಿನ್‌ನ ಸುತ್ತ ಸೇರಿಕೊಂಡ ಮಾತ್ರೆಗಳನ್ನು, ಅದರಲ್ಲೂ ಜೊಲ್ಲು ಸುರಿಯುತ್ತದೆಂದು ಸೇರಿಸಿದ ಟ್ರೈಹೆಕ್ಸಿಫೆನಿಡಿಲನ್ನು. ಕ್ಲೋಜಪಿನ್ ಒಂದೇ ಕರುಳನ್ನು ನಿಲ್ಲಿಸಬಲ್ಲದು, ಇನ್ನೊಂದು ಸೇರಿದರೆ ಮಲಬದ್ಧತೆ ಪ್ರಾಣಕ್ಕೆ ಬರಬಹುದು. 2020ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಈ ಎಚ್ಚರಿಕೆಯನ್ನು ಬಿಗಿಗೊಳಿಸಿತು. ಹಾಗೆಯೇ, ಬೇರೆ ಔಷಧಿಗಳೆಲ್ಲ ಸೋತ ಮೇಲೆ ನಾರ್‌ಟ್ರಿಪ್ಟಿಲಿನ್‌ನಿಂದ ಖಿನ್ನತೆ ಬಿಟ್ಟು ಎದ್ದ ಹಿರಿಯರಿಂದ ಅದನ್ನು ಕಿತ್ತುಕೊಳ್ಳುವುದು ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು.

ಇದನ್ನು ಓದಿ ಮನೆಯ ಹಿರಿಯರ ಡಬ್ಬಿಯಿಂದ ಇಂದು ರಾತ್ರಿಯೇ ಮಾತ್ರೆ ತೆಗೆಯಬೇಡಿ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಚೀಟಿಯ ಜೊತೆ ಎಲ್ಲ ಸ್ಟ್ರಿಪ್ಪುಗಳನ್ನೂ, ನೆಗಡಿಯದು, ಹೊಟ್ಟೆನೋವಿನದು, ತುರಿಕೆಯದು ಬಿಡದೆ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ವಾರದಲ್ಲಿ ಎಷ್ಟು ಸಲ ಮಲ ವಿಸರ್ಜನೆಯಾಗಿದೆ ಎಂದು ಬರೆದುಕೊಂಡು ಹೋಗಿ. ಟ್ರೈಹೆಕ್ಸಿಫೆನಿಡಿಲ್ ಇದ್ದರೆ, ಅದು ಯಾವ ತೊಂದರೆಗೆ ಶುರುವಾಯಿತು, ಆ ತೊಂದರೆ ಈಗಲೂ ಇದೆಯೇ ಎಂದು ಕೇಳಿ.